ಫೈರ್‌ವಾಲ್ ಲಾಗ್‌ನಲ್ಲಿ ಸಾಲು ಸಾಲು ಲಾಗಿನ್ ಫೇಲ್: ದಾಳಿಯೋ, ಮರೆವೋ? (ಪದೇ ಪದೇ ಕೇಳುವ ಪ್ರಶ್ನೆಗಳು)

ಸಣ್ಣ ಆಫೀಸುಗಳ ನೆಟ್‌ವರ್ಕ್ ನೋಡಿಕೊಳ್ಳುವುದು ನನ್ನ ಕೆಲಸ. ವಾರಕ್ಕೊಮ್ಮೆಯಾದರೂ ಯಾರಾದರೂ ಫೈರ್‌ವಾಲ್ ಲಾಗ್‌ನ ಸ್ಕ್ರೀನ್‌ಶಾಟ್ ತೆಗೆದು ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಕೆಳಗೆ ಒಂದೇ ಸಾಲು: "ಸರ್, ಹ್ಯಾಕ್ ಆಗ್ತಿದೆಯಾ?" ಅವರಿಗೆ ನಾನು ಹೇಳುವ ಉತ್ತರಗಳು ಇಲ್ಲಿವೆ. ಇದರಲ್ಲಿ ಹೆಚ್ಚಿನದು ಮನೆಯಿಂದ ಆಫೀಸಿಗೆ ಸೇರಿಕೊಳ್ಳುವ ವಿಪಿಎನ್ ಲಾಗಿನ್ ಬಗ್ಗೆ. ಉದಾಹರಣೆಗಳಲ್ಲಿ ಹೆಸರು, ಐಪಿ ವಿಳಾಸ ಎಲ್ಲವನ್ನೂ ಬದಲಿಸಿದ್ದೇನೆ.

ಪರದೆ ತುಂಬ ಕೆಂಪು ಸಾಲುಗಳಿವೆ. ಯಾರೋ ಒಳಗೆ ಬರಲು ನೋಡುತ್ತಿದ್ದಾರಾ?

ಮೊದಲು ಅವು ಲಾಗಿನ್ ಫೇಲ್ ಸಾಲುಗಳೇ ಹೌದಾ ಎಂದು ನೋಡಿ. ಎಷ್ಟೋ ಸಲ ಅಲ್ಲವೇ ಅಲ್ಲ.

ಫೈರ್‌ವಾಲ್ ಎರಡು ಬೇರೆ ಬೇರೆ ಲೆಕ್ಕ ಬರೆದಿಡುತ್ತದೆ. ಒಂದು ಟ್ರಾಫಿಕ್ ಲಾಗ್. ಯಾವ ವಿಳಾಸದಿಂದ ಯಾವ ಪೋರ್ಟ್‌ಗೆ ಬಂದರು, ಬಿಟ್ಟೆನೋ ತಡೆದೆನೋ, ಅಷ್ಟೇ ಅದರಲ್ಲಿರುತ್ತದೆ. ಇನ್ನೊಂದು ಈವೆಂಟ್ ಲಾಗ್. ಯಾರು ಯಾವ ಹೆಸರಲ್ಲಿ ಲಾಗಿನ್ ಆಗಲು ನೋಡಿದರು ಎಂಬುದು ಇದರಲ್ಲಿರುತ್ತದೆ. ಕೆಂಪು ಸಾಲಿನಲ್ಲಿ `deny` ಎಂದಿದ್ದು, ಪೋರ್ಟ್ 22 ಅಥವಾ 3389 ಎಂದಿದ್ದು, ಯೂಸರ್‌ನೇಮ್ ಎಲ್ಲೂ ಇಲ್ಲದಿದ್ದರೆ ಅದು ಲಾಗಿನ್ ಫೇಲ್ ಅಲ್ಲ. ಗೇಟಿನ ಹತ್ತಿರ ಬಂದವರನ್ನು ಕಾವಲುಗಾರ ಹೆಸರು ಕೂಡ ಕೇಳದೆ ವಾಪಸ್ ಕಳಿಸಿದ ಹಾಗೆ. ಹೊರಗಿನಿಂದ ಕಾಣುವ ಯಾವ ಐಪಿ ವಿಳಾಸಕ್ಕೂ ದಿನವಿಡೀ ಇಂಥವರು ಬರುತ್ತಲೇ ಇರುತ್ತಾರೆ. ಅದಕ್ಕೆ ನಿದ್ದೆ ಕೆಡಿಸಿಕೊಳ್ಳಬೇಕಾಗಿಲ್ಲ.

ಇದಕ್ಕೆ ಉಲ್ಟಾ ಪರಿಸ್ಥಿತಿಯೂ ಇದೆ. ಒಳಗಿನ ವಿಂಡೋಸ್ ಸರ್ವರ್‌ನ ರಿಮೋಟ್ ಡೆಸ್ಕ್‌ಟಾಪ್ ಅನ್ನು ಯಾರೋ ನೇರವಾಗಿ ಹೊರಗೆ ತೆರೆದಿಟ್ಟಿದ್ದರೆ, ಫೈರ್‌ವಾಲ್ ಲಾಗ್ ಪೂರ್ತಿ ಹಸಿರಾಗಿ ಕಾಣುತ್ತದೆ. ಯಾಕೆಂದರೆ ಅದು ಎಲ್ಲರನ್ನೂ ಒಳಗೆ ಬಿಡುತ್ತಿದೆ. ಪಾಸ್‌ವರ್ಡ್ ತಪ್ಪಿದ ಲೆಕ್ಕ ಇರುವುದು ಸರ್ವರ್‌ನ ಸ್ವಂತ ಲಾಗ್‌ನಲ್ಲಿ, ಈವೆಂಟ್ ನಂಬರ್ 4625 ಅಡಿಯಲ್ಲಿ. ನನಗೆ ಕೆಂಪು ಸ್ಕ್ರೀನ್‌ಶಾಟ್‌ಗಿಂತ ಈ ಹಸಿರಿನ ಭಯವೇ ಜಾಸ್ತಿ.

ಯಂತ್ರವೇ ಪ್ರಯತ್ನ ಮಾಡುತ್ತಿದೆ ಎಂದು ಗೊತ್ತಾದರೆ ದಾಳಿ ಅಂತ ತಾನೇ ಅರ್ಥ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ.

"ಆಟೋಮ್ಯಾಟಿಕ್ಕಾ, ಅಕಸ್ಮಾತ್ತಾ" ಎಂದು ಕೇಳಿದಾಗ ಎರಡು ಪ್ರಶ್ನೆಗಳು ಒಂದರಲ್ಲೇ ಸೇರಿಕೊಂಡಿರುತ್ತವೆ. ಟೈಪ್ ಮಾಡುತ್ತಿರುವುದು ಬೆರಳೋ, ಪ್ರೋಗ್ರಾಮೋ? ಇದು ಒಂದು. ಅದು ನಮ್ಮವರದೋ, ಹೊರಗಿನವರದೋ? ಇದು ಇನ್ನೊಂದು. ನಮ್ಮವರದೇ ಪ್ರೋಗ್ರಾಮ್ ಹಳೇ ಪಾಸ್‌ವರ್ಡ್ ಹಿಡಿದುಕೊಂಡು ರಾತ್ರಿಯಿಡೀ ಬಾಗಿಲು ಬಡಿಯಬಹುದು. ಅದು ಪಕ್ಕಾ ಆಟೋಮ್ಯಾಟಿಕ್, ಪಕ್ಕಾ ಅಕಸ್ಮಾತ್ ಕೂಡ. ನನ್ನ ಹತ್ತಿರ ಬರುವ ಸ್ಕ್ರೀನ್‌ಶಾಟ್‌ಗಳಲ್ಲಿ ತುಂಬಾ ಹೆದರಿಸುವಂತೆ ಕಾಣುವವು ಇವೇ, ಯಾಕೆಂದರೆ ಸಾಲುಗಳ ಸಂಖ್ಯೆ ಇದರಲ್ಲೇ ಹೆಚ್ಚು.

ಒಂದು ಉದಾಹರಣೆ ಕೊಡಿ.

ಒಬ್ಬ ಆಡಿಟರ್ ಆಫೀಸಿನಿಂದ ಬಂದದ್ದು ಇದು. ಎಲ್ಲ ಸಾಲುಗಳಲ್ಲೂ ಐಪಿ ವಿಳಾಸ ಒಂದೇ.

```
09:14:07  savitha  login-fail  wrong password
09:19:07  savitha  login-fail  wrong password
09:24:08  savitha  login-fail  wrong password
09:29:07  savitha  login-fail  wrong password
09:34:07  savitha  login-fail  wrong password
```

ನಡುವಿನ ಅಂತರ ನೋಡಿ. ಐದು ನಿಮಿಷ, ಐದು ನಿಮಿಷ, ಮತ್ತೆ ಐದೇ ನಿಮಿಷ. ಏರುಪೇರು ಒಂದು ಸೆಕೆಂಡಿಗಿಂತ ಹೆಚ್ಚಿಲ್ಲ. ಬೆರಳಿಗೆ ಇದು ಸಾಧ್ಯವಿಲ್ಲ, ಹಾಗಾಗಿ ಇದು ಪ್ರೋಗ್ರಾಮ್.

ಆದರೆ ಕಳ್ಳ ಪ್ರೋಗ್ರಾಮ್ ಹೀಗೆ ನಡೆದುಕೊಳ್ಳುತ್ತದಾ? ಹೆಸರು ಒಂದೇ, ಅದೂ ನಿಜವಾಗಿ ಇರುವ ಉದ್ಯೋಗಿಯದು. ವಿಳಾಸವೂ ಒಂದೇ, ಊರಿನ ಬ್ರಾಡ್‌ಬ್ಯಾಂಡ್‌ನದು. ವೇಗ ಗಂಟೆಗೆ ಹನ್ನೆರಡು ಸಲ. ಪಾಸ್‌ವರ್ಡ್ ಊಹಿಸಲು ಹೊರಟವನು ಇಷ್ಟು ನಿಧಾನವಾಗಿ ಒಂದೇ ಹೆಸರನ್ನು, ಒಂದೇ ಕಡೆಯಿಂದ ಬಡಿಯುತ್ತಾ ಕೂರುವುದು ಅಪರೂಪ.

ಹಾಗಾಗಿ ಇದು ಯಾವಾಗ ಶುರುವಾಯಿತು ಎಂದು ಹುಡುಕಿದೆವು. ಸ್ಕ್ರೀನ್‌ಶಾಟ್‌ನಲ್ಲಿ ಅದು ಇರಲಿಲ್ಲ. ಲಾಗ್ ಹಿಂದಕ್ಕೆ ಎಳೆದಾಗ 09:14ರದ್ದೇ ಮೊದಲ ಸಾಲು. ಅದಕ್ಕೂ ಮುಂಚೆ ಅದೇ ವಿಳಾಸದಿಂದ, ಅದೇ ಹೆಸರಲ್ಲಿ ವಾರಗಟ್ಟಲೆ ಸರಿಯಾದ ಲಾಗಿನ್‌ಗಳಿದ್ದವು. ಅವತ್ತು 09:02ಕ್ಕೆ ಸವಿತಾ ಆಫೀಸಿನಲ್ಲಿ ಕೂತು ಪಾಸ್‌ವರ್ಡ್ ಬದಲಿಸಿದ್ದರು. ಅವರ ಮನೆಯ ಕಂಪ್ಯೂಟರ್ ಆನ್ ಆಗಿಯೇ ಇತ್ತು. ಅದರ ವಿಪಿಎನ್ ಆ್ಯಪ್‌ನಲ್ಲಿ ಹಳೇ ಪಾಸ್‌ವರ್ಡ್ ಸೇವ್ ಆಗಿತ್ತು, ತಾನಾಗೇ ಮತ್ತೆ ಕನೆಕ್ಟ್ ಆಗು ಎಂಬ ಟಿಕ್ ಕೂಡ ಹಾಕಿತ್ತು. ಪಾಪ, ಅದು ತನ್ನ ಕೆಲಸ ತಾನು ಮಾಡುತ್ತಿತ್ತು.

ಪಾಸ್‌ವರ್ಡ್ ಬದಲಾದ ಹೊತ್ತಿಗೂ ಮೊದಲ ಫೇಲ್‌ಗೂ ಹೊಂದಾಣಿಕೆ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಅದಕ್ಕೇ ನಾನು ಮೊದಲು ಕೇಳುವುದು "ಎಷ್ಟು ಸಲ ಫೇಲ್ ಆಗಿದೆ" ಎಂದಲ್ಲ, "ಯಾವಾಗಿನಿಂದ" ಎಂದು.

ಮನುಷ್ಯರೇ ತಪ್ಪಿದ್ದರೆ ಹೇಗೆ ಕಾಣುತ್ತದೆ?

```
09:41:12  manju  login-fail
09:41:26  manju  login-fail
09:41:33  manju  login-fail
09:42:50  manju  login-ok
```

ಮೊದಲ ಸಲ ಸುಮ್ನೆ ಅವಸರ. ಹದಿನಾಲ್ಕು ಸೆಕೆಂಡ್ ಬಿಟ್ಟು ಮತ್ತೆ. ಏಳೇ ಸೆಕೆಂಡಿಗೆ ಸಿಟ್ಟಿನಲ್ಲಿ ಇನ್ನೊಂದು. ಆಮೇಲೆ ಒಂದು ನಿಮಿಷಕ್ಕೂ ಜಾಸ್ತಿ ವಿರಾಮ. ಕ್ಯಾಪ್ಸ್ ಲಾಕ್ ಆನ್ ಇದೆ ಎಂದು ಆಗ ಗೊತ್ತಾಗಿರುತ್ತದೆ, ಅಥವಾ ಕೀಬೋರ್ಡ್ ಕನ್ನಡಕ್ಕೆ ತಿರುಗಿತ್ತು ಎಂದು. ಪಾಸ್‌ವರ್ಡ್ ಜಾಗದಲ್ಲಿ ಕಾಣುವುದು ಬರೀ ಚುಕ್ಕೆ, ಹಾಗಾಗಿ ಯಾವ ಲಿಪಿ ಬೀಳುತ್ತಿದೆ ಎಂದು ತಿಳಿಯುವುದಿಲ್ಲ. ಕನ್ನಡದಲ್ಲಿ ಪತ್ರ ಟೈಪ್ ಮಾಡುವ ಆಫೀಸುಗಳಲ್ಲಿ ಇದು ಮಾಮೂಲಿ.

ಕೊನೆಯ ಸಾಲು ನೋಡಿ. ಮನುಷ್ಯರ ಕಥೆಗೆ ಸಾಮಾನ್ಯವಾಗಿ ಒಂದು ಮುಕ್ತಾಯ ಇರುತ್ತದೆ. ಒಂದೋ ಲಾಗಿನ್ ಆಗುತ್ತದೆ, ಇಲ್ಲಾ ಕೈಚೆಲ್ಲಿ ನಿಮಗೆ ಫೋನ್ ಬರುತ್ತದೆ. ಇಪ್ಪತ್ತು ಸಲ ಫೇಲ್ ಆಗಿಯೂ ಯಾರೂ ಫೋನ್ ಮಾಡಿಲ್ಲ ಎಂದರೆ ಅಲ್ಲಿ ಮನುಷ್ಯರು ಕೂತಿಲ್ಲ ಅಂದುಕೊಳ್ಳಿ.

ಹಾಗಾದರೆ ಅಂತರ ಏರುಪೇರಾಗಿದ್ದರೆ ಮನುಷ್ಯ, ಒಂದೇ ಸಮ ಇದ್ದರೆ ಯಂತ್ರ. ಸರಿ ತಾನೇ?

ಎರಡನೇ ಅರ್ಧ ಸರಿ. ಮೊದಲನೇದನ್ನು ನಂಬಬೇಡಿ. ದಾಳಿಯ ಪ್ರೋಗ್ರಾಮ್‌ಗಳಲ್ಲಿ ಬೇಕೆಂದೇ ಅಂತರವನ್ನು ಹಿಂದೆಮುಂದೆ ಮಾಡುವ ಸೌಲಭ್ಯ ಇರುತ್ತದೆ. ಆರೂವರೆ ನಿಮಿಷ, ಏಳು ನಿಮಿಷ, ಏಳೂಕಾಲು, ಹೀಗೆ.

ಇನ್ನೊಂದು ಮೋಸ ಫೈರ್‌ವಾಲ್‌ನದೇ. ಉದಾಹರಣೆಗೆ ಎಸ್‌ಎಸ್‌ಎಲ್ ವಿಪಿಎನ್ ಇರುವ ಫೋರ್ಟಿಗೇಟ್ ಫೈರ್‌ವಾಲ್‌ಗಳಲ್ಲಿ ಅದಕ್ಕೆ ಕಂಪನಿ ಇಟ್ಟಿರುವ ಮೂಲ ಸೆಟ್ಟಿಂಗ್ ಹೀಗಿದೆ: ಎರಡು ಸಲ ತಪ್ಪಿದರೆ ಆ ವಿಳಾಸಕ್ಕೆ 60 ಸೆಕೆಂಡ್ ಬಾಗಿಲು ಬಂದ್. ಆಗ ಲಾಗ್‌ನಲ್ಲಿ ಎರಡು ಫೇಲ್, ಒಂದು ನಿಮಿಷದ ಖಾಲಿ, ಮತ್ತೆ ಎರಡು ಫೇಲ್ ಎಂಬ ನಡೆ ಕಾಣುತ್ತದೆ. ನೋಡಿದವರು "ಯಾರೋ ಯೋಚನೆ ಮಾಡಿ ಮಾಡಿ ಹೊಡೆಯುತ್ತಿದ್ದಾರೆ" ಅಂದುಕೊಳ್ಳುತ್ತಾರೆ. ಆ ವಿರಾಮ ಕೊಟ್ಟದ್ದು ನಿಮ್ಮದೇ ಫೈರ್‌ವಾಲ್. ಹಾಗಾಗಿ ಅಂತರ ಅಳೆಯುವ ಮೊದಲು ನಿಮ್ಮಲ್ಲಿ ಲಾಕ್ ಎಷ್ಟು ಸಲಕ್ಕೆ, ಎಷ್ಟು ಹೊತ್ತಿಗೆ ಎಂದು ನೋಡಿಕೊಳ್ಳಿ.

ಯಂತ್ರಕ್ಕೆ ಮುಚ್ಚಿಡಲು ಕಷ್ಟವಾಗುವುದು ಎಡೆಬಿಡದ ದುಡಿಮೆ. ಮನುಷ್ಯ ಊಟಕ್ಕೆ ಏಳುತ್ತಾನೆ, ಮಲಗುತ್ತಾನೆ. ಒಂದು ತಾಸಿನ ಬದಲು ಇಡೀ ದಿನದ ಲಾಗ್ ನೋಡಿದರೆ, ಮಧ್ಯಾಹ್ನ ಎರಡಕ್ಕೂ ಬೆಳಗಿನ ಜಾವ ನಾಲ್ಕಕ್ಕೂ ಒಂದೇ ವೇಗ ಇದ್ದರೆ, ಅಂತರ ಹೇಗೇ ಇರಲಿ, ಅದು ಯಂತ್ರ.

ನಿಜವಾದ ದಾಳಿ ಹೇಗಿರುತ್ತದೆ? ಸಾವಿರಾರು ಸಾಲು ಇರುತ್ತವಾ?

ಇರಬಹುದು. ಒಂದೇ ವಿಳಾಸದಿಂದ ಸೆಕೆಂಡಿಗೆ ಹತ್ತು ಸಾಲು ಬೀಳುತ್ತಿದ್ದರೆ ಯಾರನ್ನೂ ಕೇಳಬೇಕಾಗಿಲ್ಲ. ಆ ಬಗೆ ಸುಲಭ, ಲಾಕ್ ಸೆಟ್ಟಿಂಗೇ ಅದನ್ನು ನೋಡಿಕೊಳ್ಳುತ್ತದೆ. ಕಷ್ಟ ಇರುವುದು ಮೆತ್ತಗೆ ಬರುವ ಬಗೆಯಲ್ಲಿ. ಅದರಲ್ಲಿ ಸಾಲುಗಳು ತೀರಾ ಕಡಿಮೆ.

```
02:10:41  admin   198.51.100.17  unknown user
02:17:58  test    203.0.113.90   unknown user
02:24:30  backup  192.0.2.61     unknown user
02:31:52  guest   198.51.100.17  unknown user
02:39:05  ramesh  203.0.113.90   wrong password
```

ಅರ್ಧ ಗಂಟೆಗೆ ಐದೇ ಸಾಲು. ಪ್ರತಿ ಹೆಸರಿಗೂ ಒಂದೇ ಸಲ, ಹಾಗಾಗಿ ಯಾವ ಲಾಕೂ ಬೀಳಲಿಲ್ಲ. ಮೂರು ಬೇರೆ ಬೇರೆ ವಿಳಾಸ. ಆದರೆ ವಿಳಾಸದ ಕಾಲಂ ಕೈಯಿಂದ ಮುಚ್ಚಿ, ಹೆಸರಿನ ಕಾಲಂ ಮಾತ್ರ ಮೇಲಿನಿಂದ ಕೆಳಗೆ ಓದಿ. ಒಂದು ಪಟ್ಟಿ ಕಾಣುತ್ತದೆ, ಅಲ್ವಾ? ಮೂರು ಜನ ಬೇರೆ ಬೇರೆಯಾಗಿ ತಪ್ಪು ಮಾಡಿದ್ದಲ್ಲ. ಒಬ್ಬನೇ ಒಂದು ಪಟ್ಟಿಯನ್ನು ಮೂರು ಬಾಗಿಲಿನಿಂದ ಓದುತ್ತಿದ್ದಾನೆ. ಒಂದೆರಡು ಪಾಸ್‌ವರ್ಡ್ ಇಟ್ಟುಕೊಂಡು ಬಹಳ ಹೆಸರುಗಳ ಮೇಲೆ ಹೀಗೆ ಸಿಂಪಡಿಸುವುದಕ್ಕೆ ಪಾಸ್‌ವರ್ಡ್ ಸ್ಪ್ರೇ ಎನ್ನುತ್ತಾರೆ.

ಇದರಲ್ಲಿ ನನ್ನ ಕಣ್ಣು ನಿಲ್ಲುವುದು ಐದನೇ ಸಾಲಿನ ಮೇಲೆ. ಮೊದಲ ನಾಲ್ಕರಲ್ಲಿ ಅಂಥ ಹೆಸರೇ ಇಲ್ಲ ಎಂದಿದೆ. ಐದನೆಯದರಲ್ಲಿ ಪಾಸ್‌ವರ್ಡ್ ಮಾತ್ರ ತಪ್ಪು ಎಂದಿದೆ. ಅಂದರೆ `ramesh` ಎಂಬ ಖಾತೆ ನಿಜವಾಗಿ ಇದೆ. ಪಟ್ಟಿಯಲ್ಲಿ ಅದು ಆಕಸ್ಮಿಕವಾಗಿ ಸೇರಿರಬಹುದು, ನಿಮ್ಮ ವೆಬ್‌ಸೈಟಿನ ಸಿಬ್ಬಂದಿ ಪುಟದಿಂದ ಎತ್ತಿರಲೂಬಹುದು. ಮುಂದಿನ ಸಾಲುಗಳಲ್ಲಿ ಇನ್ನೂ ಎರಡು ಮೂರು ನಿಜವಾದ ಹೆಸರು ಬಂದರೆ ಆಕಸ್ಮಿಕದ ಮಾತು ಬಿಡಿ. ಯಾರೋ ನಿಮ್ಮ ಆಫೀಸನ್ನೇ ಗುರಿಯಿಟ್ಟು ಪಟ್ಟಿ ಮಾಡಿದ್ದಾರೆ.

ಇದು ಹೊಸತೇನಲ್ಲ. ಸಿಸ್ಕೊ ಕಂಪನಿಯ ಟ್ಯಾಲೊಸ್ ತಂಡ 2024ರ ಏಪ್ರಿಲ್‌ನಲ್ಲಿ ಇಂಥದ್ದೇ ಎಚ್ಚರಿಕೆ ಕೊಟ್ಟಿತ್ತು. ಆ ವರ್ಷದ ಮಾರ್ಚ್ 18ರಿಂದಾದರೂ ಹಲವು ಕಂಪನಿಗಳ ವಿಪಿಎನ್ ಮತ್ತು ದೂರದಿಂದ ಸರ್ವರ್ ನಡೆಸುವ ಎಸ್‌ಎಸ್‌ಎಚ್ ಲಾಗಿನ್‌ಗಳ ಮೇಲೆ ದೊಡ್ಡ ಪ್ರಮಾಣದ ದಾಳಿ ನಡೆದಿತ್ತು. ಬಂದದ್ದು ನಿಜವಾದ ವಿಳಾಸ ಮುಚ್ಚಿಡುವ ಟಾರ್ ಮತ್ತು ಪ್ರಾಕ್ಸಿಗಳ ಮೂಲಕ, ಹಾಗಾಗಿ ವಿಳಾಸಗಳು ಬದಲಾಗುತ್ತಿದ್ದವು. ಮಾಮೂಲಿ ಹೆಸರುಗಳ ಜೊತೆಗೆ ಆಯಾ ಸಂಸ್ಥೆಯಲ್ಲಿ ನಿಜವಾಗಿ ಇರುವ ಹೆಸರುಗಳನ್ನೂ ಬಳಸಿದ್ದರು.

ಬೆಳಗಿನ ಜಾವ 3:40ಕ್ಕೆ ಫೇಲ್ ಆಗಿದೆ. ಆ ಹೊತ್ತಲ್ಲಿ ನಮ್ಮವರು ಯಾರೂ ಕೆಲಸ ಮಾಡುವುದಿಲ್ಲ.

ನಿಮ್ಮ ಫೈರ್‌ವಾಲ್ ಗಡಿಯಾರ ಯಾವ ಊರಿನದು? ಲಾಗ್ ಯುಟಿಸಿ ಎಂಬ ಅಂತರರಾಷ್ಟ್ರೀಯ ಸಮಯದಲ್ಲಿದ್ದರೆ, ನಮ್ಮ ಸಮಯ ತಿಳಿಯಲು ಅದಕ್ಕೆ ಐದೂವರೆ ಗಂಟೆ ಕೂಡಿಸಬೇಕು. ಆಗ 3:40 ಆಗುವುದು ಬೆಳಿಗ್ಗೆ 9:10. ಎಲ್ಲರೂ ಆಫೀಸಿಗೆ ಬಂದು ಲಾಗಿನ್ ಆಗುವ, ಪಾಸ್‌ವರ್ಡ್ ತಪ್ಪುವ ಸಮಯ. "ಮಧ್ಯರಾತ್ರಿಯ ಕಳ್ಳ" ಎಂದು ಬಂದ ಒಂದು ಸ್ಕ್ರೀನ್‌ಶಾಟ್ ಕೊನೆಗೆ ಹೀಗೆ ಸೋಮವಾರ ಬೆಳಗಿನ ಅಕೌಂಟೆಂಟ್ ಆಗಿ ಮುಗಿದಿದೆ.

ಪರೀಕ್ಷೆ ಸುಲಭ. ನೀವೇ ಒಂದು ಸಲ ಬೇಕೆಂದು ತಪ್ಪು ಪಾಸ್‌ವರ್ಡ್ ಹೊಡೆಯಿರಿ. ಕೈಗಡಿಯಾರ ನೋಡಿಕೊಳ್ಳಿ. ಲಾಗ್‌ನಲ್ಲಿ ಆ ಸಾಲು ಎಷ್ಟು ಗಂಟೆಗೆ ಬಿದ್ದಿದೆ ನೋಡಿ. ಐದೂವರೆ ಗಂಟೆ ವ್ಯತ್ಯಾಸ ಇದ್ದರೆ ಟೈಮ್ ಜೋನ್ ಸಮಸ್ಯೆ. ಹನ್ನೊಂದು ನಿಮಿಷದಂಥ ವಿಚಿತ್ರ ವ್ಯತ್ಯಾಸ ಇದ್ದರೆ ಗಡಿಯಾರವೇ ಜಾರಿದೆ. ದೇಶದ ಸೈಬರ್ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಗಡಿಯಾರಗಳನ್ನು ಎನ್‌ಐಸಿ ಅಥವಾ ಎನ್‌ಪಿಎಲ್ ಎಂಬ ಸರ್ಕಾರಿ ಸಂಸ್ಥೆಗಳ ಸಮಯ ಸರ್ವರ್‌ಗೆ, ಅಥವಾ ಅವುಗಳಿಗೆ ಹೊಂದುವ ಸರ್ವರ್‌ಗೆ ಜೋಡಿಸಬೇಕು ಎಂದಿರುವುದು ಸುಮ್ಮನೆ ಅಲ್ಲ.

ವಿದೇಶಿ ಐಪಿ ಆದರೆ ದಾಳಿ, ಬೆಂಗಳೂರಿನದಾದರೆ ನಮ್ಮವರು ಅಂತ ತಿಳಿಯಬಹುದಾ?

ದೇಶಕ್ಕಿಂತ, ಆ ವಿಳಾಸ ಎಂಥವರದು ಎಂಬುದು ಹೆಚ್ಚು ಹೇಳುತ್ತದೆ. ವಿಳಾಸ ಯಾರ ಹೆಸರಲ್ಲಿದೆ ಎಂದು ತೋರಿಸುವ `whois` ನೋಡಿದರೆ ಅದು ಮೊಬೈಲ್ ಕಂಪನಿಯದೋ, ಮನೆ ಬ್ರಾಡ್‌ಬ್ಯಾಂಡೋ, ಬಾಡಿಗೆ ಸರ್ವರ್ ಕೊಡುವವರದೋ ಎಂದು ಬಹುಮಟ್ಟಿಗೆ ತಿಳಿಯುತ್ತದೆ. ನಿಮ್ಮ ಅಕೌಂಟೆಂಟ್ ಡೇಟಾ ಸೆಂಟರ್ ಒಳಗೆ ಕೂತು ಲಾಗಿನ್ ಆಗುವುದಿಲ್ಲ. ಬಾಡಿಗೆ ಸರ್ವರ್ ಬೆಂಗಳೂರಿನಲ್ಲೂ ಮುಂಬೈಯಲ್ಲೂ ಸಿಗುತ್ತದೆ, ಹಾಗಾಗಿ "ನಮ್ಮೂರಿನ ಐಪಿ" ಎಂದು ನಿರಾಳವಾಗಬೇಡಿ. ದುಬೈಗೆ ಹೋದ ನಿಮ್ಮ ಪಾರ್ಟ್ನರ್ ಅಲ್ಲಿಂದಲೇ ತಪ್ಪು ಪಾಸ್‌ವರ್ಡ್ ಹೊಡೆದಿರಬಹುದು, ಅದೂ ನೆನಪಿರಲಿ.

ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ಬಹಳಷ್ಟು ಗ್ರಾಹಕರು ಒಂದೇ ಹೊರಗಿನ ವಿಳಾಸ ಹಂಚಿಕೊಳ್ಳುತ್ತಾರೆ. ಒಂದೇ ವಿಳಾಸದಿಂದ ನಿಮ್ಮ ಮೂರು ಉದ್ಯೋಗಿಗಳ ಹೆಸರು ಬಂದರೆ ಅದು ಸ್ಪ್ರೇ ಆಗಿರಲೇಬೇಕೆಂದಿಲ್ಲ. ಆದರೆ ಅವರು ಮೂವರೂ ಆಮೇಲೆ ಸರಿಯಾಗಿ ಲಾಗಿನ್ ಆದರಾ ಎಂದು ನೋಡಲೇಬೇಕು.

ಯೂಸರ್‌ನೇಮ್ ಜಾಗದಲ್ಲಿ ಏನೋ ವಿಚಿತ್ರ ಪದ ಇದೆ. ಹ್ಯಾಕರ್ ಕೋಡಾ?

`Mandya@571401` ತರಹದ್ದಾ? ಅದು ಯಾರದೋ ಪಾಸ್‌ವರ್ಡ್! ಅವಸರದಲ್ಲಿ ಪಾಸ್‌ವರ್ಡನ್ನು ಹೆಸರಿನ ಜಾಗದಲ್ಲಿ ಹೊಡೆದಿದ್ದಾರೆ. ಕೆಲವು ಸೆಕೆಂಡ್ ಬಿಟ್ಟು ಅದೇ ವಿಳಾಸದಿಂದ ಸರಿಯಾದ ಲಾಗಿನ್ ಇದ್ದರೆ ಯಾರು ಎಂದೂ ಗೊತ್ತಾಗುತ್ತದೆ. ಇದಕ್ಕಿಂತ ಸ್ಪಷ್ಟವಾದ "ಅಕಸ್ಮಾತ್" ಸಿಗುವುದಿಲ್ಲ. ಆದರೆ ಆ ಪಾಸ್‌ವರ್ಡ್ ಈಗ ಲಾಗ್‌ನಲ್ಲಿದೆ, ನಿಮ್ಮ ಸ್ಕ್ರೀನ್‌ಶಾಟ್‌ನಲ್ಲಿದೆ, ನೀವು ಕಳಿಸಿದ ಗ್ರೂಪಿನಲ್ಲೂ ಇದೆ. ಅವತ್ತೇ ಬದಲಿಸಲು ಹೇಳಿ. ಇನ್ನು ಮುಂದೆ ಸ್ಕ್ರೀನ್‌ಶಾಟನ್ನು ಗ್ರೂಪಿಗೆ ಹಾಕಬೇಡಿ.

ಒಂದೇ ಸಾಲು ಇದ್ದರೂ ಹೆದರಬೇಕಾದದ್ದು ಯಾವುದು?

ಎರಡಿವೆ. ಪಾಸ್‌ವರ್ಡ್ ಸರಿ, ಓಟಿಪಿ ತಪ್ಪು ಎಂಬ ಸಾಲು ಒಂದು. ಗೊತ್ತಿಲ್ಲದ ವಿಳಾಸದಿಂದ ಇದು ಬಂದಿದ್ದರೆ ಪಾಸ್‌ವರ್ಡ್ ಆಗಲೇ ಬೇರೆಯವರ ಕೈಯಲ್ಲಿದೆ. ಎರಡನೆಯದು ಫೇಲ್ ಸಾಲೇ ಅಲ್ಲ, ಫೇಲ್‌ಗಳ ನಂತರದ ಹಸಿರು ಸಾಲು, ಅಂದರೆ ಲಾಗಿನ್ ಆಯಿತು ಎಂಬ ಸಾಲು. ಮಂಜು ಅವರ ಹಸಿರು ಸಾಲು ಸಮಾಧಾನ ಕೊಟ್ಟಿತು, ಯಾಕೆಂದರೆ ವಿಳಾಸ ಅವರದೇ, ಸಮಯವೂ ಅವರದೇ. ರಮೇಶ್ ಹೆಸರಲ್ಲಿ ಬಾಡಿಗೆ ಸರ್ವರ್‌ನಿಂದ `login-ok` ಬಂದರೆ ಅದೇ ಹಸಿರು ಬೇರೆ ಕಥೆ ಹೇಳುತ್ತದೆ.

ಸ್ಕ್ರೀನ್‌ಶಾಟ್ ನೋಡಿಯೇ ತೀರ್ಮಾನ ಹೇಳಲು ಆಗುವುದಿಲ್ಲವೇ?

ಅನುಮಾನ ಹೇಳಬಹುದು, ತೀರ್ಮಾನ ಕಷ್ಟ. ಹೆಚ್ಚಿನವರು `failed` ಎಂದು ಫಿಲ್ಟರ್ ಹಾಕಿಯೇ ಚಿತ್ರ ತೆಗೆಯುತ್ತಾರೆ. ಆಗ ಮಂಜುವಿನ ಕೊನೆಯ ಸಾಲು ಮಾಯ, ಉಳಿದದ್ದು ಮೂರು ಫೇಲ್ ಮಾತ್ರ. ಕೆಲವು ಪರದೆಗಳು ಒಂದೇ ತರಹದ ಸಾಲುಗಳನ್ನು ಸೇರಿಸಿ ಪಕ್ಕದಲ್ಲಿ 240 ಎಂದು ಎಣಿಕೆ ತೋರಿಸುತ್ತವೆ. ಆ 240 ಹತ್ತು ನಿಮಿಷದ್ದೋ ಹತ್ತು ದಿನದ್ದೋ ಚಿತ್ರದಲ್ಲಿ ಕಾಣುವುದಿಲ್ಲ. ತಾರೀಖಿನ ಕಾಲಂ ಕತ್ತರಿಸಿ ಹೋಗಿರುವುದಂತೂ ದಿನನಿತ್ಯದ ಕಥೆ.

ಹಾಗಾಗಿ ನಾನು ಕೇಳುವುದು ಒಂದೇ. ಫಿಲ್ಟರ್ ತೆಗೆದು, ಮೊದಲ ಫೇಲ್‌ಗೆ ಒಂದು ದಿನ ಮುಂಚಿನಿಂದ ಈಗಿನವರೆಗೆ ಈವೆಂಟ್ ಲಾಗ್ ಅನ್ನು ಫೈಲ್ ಆಗಿ ಇಳಿಸಿ ಕಳಿಸಿ. ಫೇಲ್, ಓಕೆ ಎರಡೂ ಇರಲಿ. ಅದನ್ನು ಎಕ್ಸೆಲ್‌ನಲ್ಲಿ ತೆರೆದು ಒಮ್ಮೆ ಹೆಸರಿನ ಪ್ರಕಾರ, ಒಮ್ಮೆ ವಿಳಾಸದ ಪ್ರಕಾರ ಜೋಡಿಸಿದರೆ ಹತ್ತು ನಿಮಿಷದಲ್ಲಿ ಬಹುತೇಕ ಗೊತ್ತಾಗುತ್ತದೆ. ಒಂದು ಹೆಸರಿಗೆ ಬಹಳ ಸಾಲು, ಒಂದೇ ವಿಳಾಸ: ಹೆಚ್ಚಾಗಿ ಸವಿತಾ ಕಥೆ. ಬಹಳ ಹೆಸರು, ಒಂದೊಂದಕ್ಕೂ ಒಂದೆರಡು ಸಾಲು: ಸ್ಪ್ರೇ.

ದಾಳಿ ಅಂತ ಅನಿಸಿದರೆ ತಕ್ಷಣ ಏನು ಮಾಡಲಿ?

ಐಪಿ ಬ್ಲಾಕ್ ಮಾಡುವುದರಲ್ಲಿ ದಿನ ಕಳೆಯಬೇಡಿ. ಸ್ಪ್ರೇ ಮಾಡುವವನಿಗೆ ವಿಳಾಸಕ್ಕೆ ಬರವಿಲ್ಲ. ಮೊದಲು ಹಸಿರು ಸಾಲು ಹುಡುಕಿ. ಇದ್ದರೆ ಆ ಸೆಷನ್ ಕಡಿದು, ಖಾತೆ ನಿಲ್ಲಿಸಿ, ಒಳಗೆ ಏನಾಗಿದೆ ನೋಡಿ. ಅನಧಿಕೃತ ಪ್ರವೇಶ ಆಗಿದ್ದರೆ, ಗೊತ್ತಾದ 6 ಗಂಟೆಯೊಳಗೆ ಸಿಇಆರ್‌ಟಿ-ಇನ್‌ಗೆ ತಿಳಿಸಬೇಕೆಂದು ಅದೇ 2022ರ ನಿರ್ದೇಶನ ಹೇಳುತ್ತದೆ. ಲಾಗ್‌ಗಳನ್ನು 180 ದಿನ ಇಡಬೇಕೆಂದೂ ಹೇಳುತ್ತದೆ, ಹಾಗಾಗಿ ಗಾಬರಿಯಲ್ಲಿ ಫೈರ್‌ವಾಲ್ ರೀಸೆಟ್ ಮಾಡಿ ಲಾಗ್ ಕಳೆದುಕೊಳ್ಳಬೇಡಿ. ಹಸಿರು ಸಾಲು ಇಲ್ಲದಿದ್ದರೆ, ಎಲ್ಲರಿಗೂ ಓಟಿಪಿ ಕಡ್ಡಾಯ ಮಾಡಿ, ಫೈರ್‌ವಾಲ್‌ನ ಅಡ್ಮಿನ್ ಪುಟ ಹೊರಗಿನಿಂದ ತೆರೆಯದಂತೆ ಮಾಡಿ.

ಎಲ್ಲ ನೋಡಿದ ಮೇಲೂ ಗೊತ್ತಾಗುತ್ತಿಲ್ಲ. ಈಗ?

ಯಾರ ಹೆಸರು ಬಂದಿದೆಯೋ ಅವರಿಗೆ ಫೋನ್ ಮಾಡಿ. ಮೇಲ್ ಬೇಡ, ಮೇಲ್ ಖಾತೆಯೇ ಬೇರೆಯವರ ಕೈಯಲ್ಲಿರಬಹುದು. ಪಾಸ್‌ವರ್ಡ್ ಕೇಳಬೇಡಿ. ಇತ್ತೀಚೆಗೆ ಬದಲಿಸಿದ್ದೀರಾ, ಹಳೇ ಫೋನ್, ಹಳೇ ಲ್ಯಾಪ್‌ಟಾಪ್ ಎಲ್ಲಾದರೂ ಆನ್ ಇದೆಯಾ ಎಂದು ಕೇಳಿ. ಇದ್ದರೆ ಅರ್ಧ ಗಂಟೆ ಆಫ್ ಮಾಡಿಸಿ, ಲಾಗ್ ನೋಡುತ್ತಾ ಕೂತಿರಿ. ಸಾಲುಗಳು ನಿಂತರೆ ಸಿಕ್ಕಿಬಿತ್ತು. ನಿಲ್ಲದಿದ್ದರೆ ಇನ್ನೊಂದು ಯಂತ್ರ ಹುಡುಕಬೇಕು, ಅಥವಾ ಅದು ನಿಮ್ಮದಲ್ಲ.

ಫೇಲ್ ಬರುತ್ತಿರುವುದು ಆಫೀಸಿನ ಒಳಗಿನ ವಿಳಾಸದಿಂದಲೇ, ಅಂದರೆ 192.168 ಎಂದು ಶುರುವಾಗುವುದರಿಂದ ಆಗಿದ್ದರೂ ಇದೇ ದಾರಿ. ಅಲ್ಲಿ ವೈರಸ್ ಹತ್ತಿದ ಕಂಪ್ಯೂಟರ್ ಇರಬಹುದು, ಹಾಗಾಗಿ ಹಗುರವಾಗಿ ತೆಗೆದುಕೊಳ್ಳಬೇಡಿ. ಒಮ್ಮೆ ನಾವು ಒಂದೊಂದೇ ಕಂಪ್ಯೂಟರ್ ಆಫ್ ಮಾಡುತ್ತಾ ಹೋದೆವು. ಎಲ್ಲ ಆಫ್ ಆದರೂ ಲಾಗ್ ಸಾಲು ಬೀಳುತ್ತಲೇ ಇತ್ತು. ಕೊನೆಗೆ ಉಳಿದದ್ದು ಮೂಲೆಯ ಜೆರಾಕ್ಸ್ ಮಶೀನ್. ಸ್ಕ್ಯಾನ್ ಮಾಡಿದ್ದನ್ನು ಸರ್ವರ್‌ಗೆ ಹಾಕಲು ಎರಡು ವರ್ಷದ ಹಿಂದೆ ಯಾರೋ ಅದಕ್ಕೆ ತಮ್ಮದೇ ಪಾಸ್‌ವರ್ಡ್ ತುಂಬಿಸಿಟ್ಟಿದ್ದರು. ಅವರು ಕೆಲಸ ಬಿಟ್ಟ ದಿನ ನಾವು ಅವರ ಖಾತೆ ಮುಚ್ಚಿದ್ದೆವು, ಮಶೀನ್‌ಗೆ ಯಾರೂ ಹೇಳಿರಲಿಲ್ಲ.